ಜಾಗ ಹೆಚ್ಚಾದರೆ ಅಕ್ಷರ ಸ್ಪಷ್ಟವಾಗುವುದಿಲ್ಲ



ಕಳೆದ ತಿಂಗಳ ಸಂಚಿಕೆಯ ಮಕ್ಕಳ ಪುಟದಲ್ಲಿ ಒಂದು ತಪ್ಪು ಇತ್ತು. ನಿಮ್ಮಲ್ಲಿ ಕೆಲವರು ಅದನ್ನು ನೋಡಿ ನಕ್ಕಿದ್ದೀರಿ ಅಂತ ನನಗೆ ಗೊತ್ತು. ಪುಟ್ಟ ಹುಡುಗಿಯೊಬ್ಬಳು ರಜೆಯಲ್ಲಿ ಊರಿಗೆ ಹೋಗಿ ಬಂದದ್ದನ್ನು ಚೆನ್ನಾಗಿ ಬರೆದಿದ್ದಳು. "ನಮ್ಮ ಅಜ್ಜಿ ಮನೆಯಲ್ಲಿ ಮೂರು ದನ ಇವೆ" ಎಂದು ಅಚ್ಚಾಗಬೇಕಿತ್ತು. ಆಗಿದ್ದು "ಮೂರು ಧನ ಇವೆ" ಅಂತ. ಮುಂದಿನ ಭಾನುವಾರ ಮೇಷ್ಟ್ರು ತರಗತಿಯಲ್ಲಿ "ಅಜ್ಜಿ ಹತ್ರ ಮೂರೇ ಮೂರು ಧನಾನಾ? ನಾಲ್ಕನೇದು ಬ್ಯಾಂಕಲ್ಲಿ ಇರಬೇಕು" ಅಂದರು. ಎಲ್ಲರೂ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ.

ಅವಳು ಟೈಪ್ ಮಾಡುವಾಗ ಒಂದು ಕೀ ತಪ್ಪಿತ್ತು, ಅಷ್ಟೇ. ಅಂಥ ತಪ್ಪನ್ನು ಹಿಡಿಯಬೇಕಾದವನು ನಾನು. ಮಕ್ಕಳ ಪುಟದ ಕರಡು ತಿದ್ದುವುದು ಈ ವರ್ಷ ನನ್ನ ಕೆಲಸ. ಆ ಪುಟವನ್ನು ನಾನು ಎರಡು ಸಲ ಓದಿದ್ದೆ. ಎರಡು ಸಲವೂ ನನ್ನ ಕಣ್ಣಿಗೆ 'ಧ' ಹೊಟ್ಟೆ ಸೀಳಿಕೊಂಡಿರುವುದು ಕಾಣಲಿಲ್ಲ. 'ದನ' ಅಂತಲೇ ಓದಿಕೊಂಡು ಮುಂದೆ ಹೋದೆ.

ತಪ್ಪು ನನ್ನದೇ, ಅದನ್ನು ಕಂಪ್ಯೂಟರಿನ ಮೇಲೆ ಹಾಕುವುದಿಲ್ಲ. ಆದರೆ ಯಾಕೆ ಕಾಣಲಿಲ್ಲ ಅಂತ ಹುಡುಕುತ್ತಾ ಹೋದಾಗ ನಮ್ಮ ಮನೆಯ ಮ್ಯಾಕ್‌ನ ಒಂದು ಸೆಟ್ಟಿಂಗ್ ಸಿಕ್ಕಿತು. ಅದೇ ಸೆಟ್ಟಿಂಗ್ ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇರಬಹುದು. ಆದ್ದರಿಂದ ಈ ಸಲ ಅದರ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಮಕ್ಕಳು ಕನ್ನಡ ಓದುವ ಪರದೆಯಲ್ಲಿ, ಮತ್ತು ಯಾರಾದರೂ ಕರಡು ತಿದ್ದುವ ಪರದೆಯಲ್ಲಿ, ಹೆಚ್ಚು ಜಾಗ ಕೊಡುವ ಆಯ್ಕೆ ಬೇಡ. ಅದು ಜಾಗ ಕೊಡುತ್ತದೆ ನಿಜ. ಆದರೆ ಸ್ಪಷ್ಟತೆಯನ್ನು ಸ್ವಲ್ಪ ತೆಗೆದುಕೊಂಡು ಕೊಡುತ್ತದೆ.

ಚುಕ್ಕಿ ಹೆಚ್ಚಾಗುವುದಿಲ್ಲ

ನಮ್ಮ ಹಾಲ್‌ನಲ್ಲಿ ಒಂದು ಮ್ಯಾಕ್ ಮಿನಿ ಇದೆ. ಅದಕ್ಕೆ 27 ಇಂಚಿನ 4ಕೆ ಮಾನಿಟರ್ ಜೋಡಿಸಿದ್ದೇವೆ. ಅಪ್ಪ ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಅದನ್ನೇ ಬಳಸುತ್ತಾರೆ. ಸಂಜೆ ನಾನು, ಆಮೇಲೆ ತಂಗಿ.

ಮ್ಯಾಕ್‌ನಲ್ಲಿ `System Settings` ತೆರೆದು `Displays` ಒತ್ತಿದರೆ ಸಾಲಾಗಿ ಪುಟ್ಟ ಪರದೆಗಳ ಚಿತ್ರ ಕಾಣುತ್ತದೆ. ಒಂದು ತುದಿಯಲ್ಲಿ `Larger Text`, ಇನ್ನೊಂದು ತುದಿಯಲ್ಲಿ `More Space`. ನಡುವೆ ಎಲ್ಲೋ ಒಂದು ಕಡೆ `Default`. ನಮ್ಮ ಮಾನಿಟರ್‌ಗೆ ಮ್ಯಾಕ್ ತಾನಾಗಿ ಆರಿಸಿದ್ದು 1920 × 1080. ಅಪ್ಪ ಅದನ್ನು `More Space` ಕಡೆಗೆ ಸರಿಸಿ 2560 × 1440 ಮಾಡಿಕೊಂಡಿದ್ದರು. ಕಿಟಕಿಗಳು, ಐಕಾನ್‌ಗಳು, ಅಕ್ಷರಗಳು ಎಲ್ಲವೂ ಚಿಕ್ಕದಾಗಿ, ಒಂದೇ ಪರದೆಯಲ್ಲಿ ಹೆಚ್ಚು ಹಿಡಿಸುತ್ತಿತ್ತು. ಸಂಖ್ಯೆ ದೊಡ್ಡದಾಯಿತಲ್ಲ, ಪರದೆ ಇನ್ನೂ ಸ್ಪಷ್ಟವಾಗಿರಬೇಕು ಅಂತ ನಾನೂ ಅಂದುಕೊಂಡಿದ್ದೆ.

ಇಲ್ಲೇ ನಾವೆಲ್ಲ ಎಡವುವುದು. ಆ ಸಂಖ್ಯೆ ಪರದೆಯ ಪಿಕ್ಸೆಲ್‌ಗಳ ಲೆಕ್ಕ ಅಲ್ಲ. ಈ ಪರದೆ ಎಷ್ಟು ದೊಡ್ಡ ಮೇಜಿನಂತೆ ಕಾಣಬೇಕು ಅನ್ನುವ ಲೆಕ್ಕ.

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಮೊದಲು ಚುಕ್ಕಿ ಇಡುತ್ತೇವೆ, ಆಮೇಲೆ ಗೆರೆ ಎಳೆಯುತ್ತೇವೆ. ಮಾನಿಟರ್‌ನ ಚುಕ್ಕಿಗಳನ್ನು ಕಾರ್ಖಾನೆಯಲ್ಲೇ ಇಟ್ಟು ಕಳಿಸಿರುತ್ತಾರೆ. ನಮ್ಮದರಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160. ಇದನ್ನೇ ಪರದೆಯ ನೇಟಿವ್ ರೆಸಲ್ಯೂಶನ್ ಅನ್ನುತ್ತಾರೆ. ಯಾವ ಸೆಟ್ಟಿಂಗ್ ಒತ್ತಿದರೂ ಒಂದು ಚುಕ್ಕಿಯೂ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಹಾಗಾದರೆ ಮ್ಯಾಕ್ ಏನು ಮಾಡುತ್ತದೆ? ಇಂಥ ಹೆಚ್ಚು ಪಿಕ್ಸೆಲ್ ಇರುವ ಪರದೆಗಳಲ್ಲಿ ಅದು ಎಲ್ಲವನ್ನೂ ಎರಡರಷ್ಟು ದೊಡ್ಡದಾಗಿ ಬರೆಯುತ್ತದೆ. 1920 × 1080 ಆರಿಸಿದರೆ ಮೆಮೊರಿಯಲ್ಲಿ 3840 × 2160 ಪಿಕ್ಸೆಲ್‌ಗಳ ಚಿತ್ರ ತಯಾರಾಗುತ್ತದೆ. ಪರದೆಯಲ್ಲಿ ಇರುವುದೂ ಅಷ್ಟೇ. ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್ ಮೇಲೆ ನೇರವಾಗಿ ಹೋಗಿ ಕೂರುತ್ತದೆ.

2560 × 1440 ಆರಿಸಿದರೆ? ಆಗಲೂ ಎರಡರಷ್ಟೇ ಬರೆಯುತ್ತದೆ, ಅಂದರೆ 5120 × 2880. ಲೆಕ್ಕ ಹಾಕಿ ನೋಡಿ, 1,47,45,600 ಪಿಕ್ಸೆಲ್‌ಗಳು. ನಮ್ಮ ಪರದೆಯಲ್ಲಿರುವುದು 82,94,400 ಮಾತ್ರ. ಅಷ್ಟು ದೊಡ್ಡ ಚಿತ್ರ ಇಷ್ಟು ಚಿಕ್ಕ ಜಾಗದಲ್ಲಿ ಕೂರುವುದಿಲ್ಲ. ಆದ್ದರಿಂದ ಮ್ಯಾಕ್ ಕೊನೆಗೆ ಇಡೀ ಚಿತ್ರವನ್ನು ಮುಕ್ಕಾಲು ಅಳತೆಗೆ ಕುಗ್ಗಿಸಿ ಪರದೆಗೆ ಕಳಿಸುತ್ತದೆ. ನಾಲ್ಕು ಚುಕ್ಕಿಗೆ ಬರೆದ ರಂಗೋಲಿಯನ್ನು ಮೂರು ಚುಕ್ಕಿಯ ಮೇಲೆ ಇಳಿಸಿದ ಹಾಗೆ.

ಒಂದೂವರೆ ಪಿಕ್ಸೆಲ್‌ನ ಗೆರೆ

ನಾಲ್ಕನ್ನು ಮೂರು ಮಾಡುವಾಗ ಏನಾಗುತ್ತದೆ ಅಂತ ಒಂದು ಗೆರೆಯನ್ನು ಹಿಡಿದು ನೋಡೋಣ. ಬಿಳಿ ಪುಟದ ಮೇಲೆ ಒಂದು ಕಪ್ಪು ನಿಂತ ಗೆರೆ ಇದೆ. ಮ್ಯಾಕ್ ಬರೆದ ದೊಡ್ಡ ಚಿತ್ರದಲ್ಲಿ ಅದರ ಅಗಲ ಸರಿಯಾಗಿ 2 ಪಿಕ್ಸೆಲ್. ಗೆರೆಯ ಎರಡೂ ಕಡೆ ಅಚ್ಚ ಬಿಳಿ.

1920 × 1080 ಇದ್ದಾಗ ಆ ಗೆರೆ ಪರದೆಯ 2 ಪಿಕ್ಸೆಲ್ ಮೇಲೆ ಹಾಗೇ ಬರುತ್ತದೆ. ಎರಡೂ ಪೂರ್ತಿ ಕಪ್ಪು. ಪಕ್ಕದಲ್ಲಿ ಬಿಳಿ. ಅಂಚು ಕತ್ತರಿಸಿದ ಹಾಗೆ ಇರುತ್ತದೆ.

2560 × 1440 ಇದ್ದಾಗ 2 ಪಿಕ್ಸೆಲ್‌ನ ಮುಕ್ಕಾಲು ಭಾಗ, ಅಂದರೆ ಒಂದೂವರೆ ಪಿಕ್ಸೆಲ್ ಆಗಬೇಕು. ಪರದೆಯಲ್ಲಿ ಅರ್ಧ ಪಿಕ್ಸೆಲ್ ಅಂತ ಒಂದು ವಸ್ತುವೇ ಇಲ್ಲ. ಒಂದು ಪಿಕ್ಸೆಲ್ ಒಂದು ಸಲಕ್ಕೆ ಒಂದೇ ಬಣ್ಣ ತೋರಿಸಬಲ್ಲದು. ಹಾಗಾಗಿ ಮೊದಲ ಪಿಕ್ಸೆಲ್ ಪೂರ್ತಿ ಕಪ್ಪಾಗುತ್ತದೆ. ಎರಡನೆಯದು ಅರ್ಧ ಕಪ್ಪು, ಅರ್ಧ ಬಿಳಿ ಸೇರಿಸಿದ ಬೂದು ಬಣ್ಣ ಆಗುತ್ತದೆ. ಸರಾಸರಿ ತೆಗೆಯುವ ಸರಳ ವಿಧಾನದಲ್ಲಿ ಬರುವ ಉತ್ತರ ಇದು. ಮ್ಯಾಕ್ ಸ್ವಲ್ಪ ಬೇರೆ ರೀತಿ ಕುಗ್ಗಿಸಿದರೂ ಆ ಬೂದು ಅಂಚು ತಪ್ಪುವುದಿಲ್ಲ.

ಇನ್ನೊಂದು ವಿಷಯ. ಗೆರೆ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಆ ಬೂದು ಕೆಲವೊಮ್ಮೆ ಬಲಕ್ಕೆ ಬರುತ್ತದೆ, ಕೆಲವೊಮ್ಮೆ ಎಡಕ್ಕೆ. ಅಂದರೆ ಒಂದೇ ಥರದ ಎರಡು ಗೆರೆಗಳು ಪರದೆಯಲ್ಲಿ ಒಂದೇ ಥರ ಇರುವುದಿಲ್ಲ. ನೀವು ಅದನ್ನು ಬೂದು ಗೆರೆ ಅಂತ ನೋಡುವುದಿಲ್ಲ. ಯಾಕೋ ಅಕ್ಷರ ಸ್ವಲ್ಪ ಮಂಜಾಗಿದೆ, ಕಣ್ಣುಜ್ಜಿಕೊಳ್ಳೋಣ ಅಂತ ಅನ್ನಿಸುತ್ತದೆ, ಅಷ್ಟೇ.

ಈಗ ನಮ್ಮ 'ಧ'ಗೆ ಬನ್ನಿ. ಪುಟವನ್ನು 100% ಗಾತ್ರದಲ್ಲಿಟ್ಟು 12ರ ಅಳತೆಯ ಅಕ್ಷರ ಬರೆದರೆ, ಆ ಸಾಲಿನ ಅಕ್ಷರಕ್ಕೆ ಮ್ಯಾಕ್ ತನ್ನ ಚಿತ್ರದಲ್ಲಿ 24 ಪಿಕ್ಸೆಲ್ ಎತ್ತರ ಕೊಡುತ್ತದೆ. 1920 × 1080ರಲ್ಲಿ ಪರದೆಯ ಮೇಲೂ 24 ಪಿಕ್ಸೆಲ್ ಸಿಗುತ್ತದೆ. 27 ಇಂಚಿನ 4ಕೆಯಲ್ಲಿ ಅದು 3.7 ಮಿಲಿಮೀಟರ್‌ನಷ್ಟು. 2560 × 1440ರಲ್ಲಿ ಅದೇ ಅಕ್ಷರಕ್ಕೆ ಸಿಗುವುದು 18 ಪಿಕ್ಸೆಲ್, ಅಂದರೆ 2.8 ಮಿಲಿಮೀಟರ್‌ನಷ್ಟು.

ಆ 18 ಪಿಕ್ಸೆಲ್‌ಗಳಲ್ಲೇ ತಲೆಕಟ್ಟು ಇರಬೇಕು, ಒತ್ತಕ್ಷರಕ್ಕೂ ಜಾಗ ಬೇಕು, ಮಹಾಪ್ರಾಣದ ಸೀಳೂ ಕಾಣಬೇಕು. ಇಂಗ್ಲಿಷ್ ಅಕ್ಷರ ಸ್ವಲ್ಪ ಮಂಜಾದರೆ ಪದದ ಆಕಾರ ನೋಡಿ ಓದಿಬಿಡುತ್ತೇವೆ. ಕನ್ನಡದಲ್ಲಿ 'ದ' ಮತ್ತು 'ಧ', 'ಡ' ಮತ್ತು 'ಢ' ಇವುಗಳ ನಡುವಿನ ವ್ಯತ್ಯಾಸವೆಲ್ಲ ಹೊಟ್ಟೆಯ ಹತ್ತಿರದ ಆ ಒಂದು ಪುಟ್ಟ ಗೀಟು. ಮೊದಲು ಬೂದಾಗುವುದು ಅದೇ. ಕನ್ನಡ ಚೆನ್ನಾಗಿ ಬರುವ ದೊಡ್ಡವರಿಗೆ ತೊಂದರೆ ಇಲ್ಲ, ಅವರು ವಾಕ್ಯದ ಅರ್ಥದಿಂದ ತಿಳಿದುಕೊಳ್ಳುತ್ತಾರೆ. ಇಲ್ಲಿ ಹುಟ್ಟಿ, ವಾರಕ್ಕೊಂದು ದಿನ ಕನ್ನಡ ಕಲಿಯುವ ನನ್ನ ತಂಗಿಯಂಥವರಿಗೆ ಅಕ್ಷರವೇ ಎಲ್ಲ. ಗೀಟು ಕಾಣದಿದ್ದರೆ ಅವಳ ಪಾಲಿಗೆ ಅದು ಇಲ್ಲವೇ ಇಲ್ಲ.

ಸ್ಕ್ರೀನ್‌ಶಾಟ್ ಸಾಕ್ಷಿ ಹೇಳುವುದಿಲ್ಲ

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. "4ಕೆ ಮಾನಿಟರ್ ಕಣೋ ಅದು. ಮಂಜಾಗೋಕೆ ಹೇಗೆ ಸಾಧ್ಯ? ತೋರಿಸು ನೋಡೋಣ" ಅಂದರು.

ನಾನು ಜಂಬದಿಂದ ಎರಡೂ ಸೆಟ್ಟಿಂಗ್‌ನಲ್ಲಿ ಒಂದೊಂದು ಸ್ಕ್ರೀನ್‌ಶಾಟ್ ತೆಗೆದು ಅಪ್ಪನ ಫೋನಿಗೆ ಕಳಿಸಿದೆ. ಅಪ್ಪ ದೊಡ್ಡದು ಮಾಡಿ ನೋಡಿ, "ಎರಡೂ ಚೆನ್ನಾಗೇ ಇದೆಯಲ್ಲೋ" ಅಂದರು. ನಾನೂ ನೋಡಿದೆ. ಎರಡರಲ್ಲೂ 'ಧ' ಕತ್ತರಿಸಿದ ಹಾಗೆ ಸ್ಪಷ್ಟವಾಗಿತ್ತು. ನನಗೆ ಮುಖಭಂಗ.

ಕಾರಣ ಆಮೇಲೆ ಹೊಳೆಯಿತು. ಸ್ಕ್ರೀನ್‌ಶಾಟ್ ಅನ್ನುವುದು ಪರದೆಯ ಫೋಟೊ ಅಲ್ಲ. ಮ್ಯಾಕ್ ಮೆಮೊರಿಯಲ್ಲಿ ಬರೆದ ಆ ದೊಡ್ಡ ಚಿತ್ರದ ಪ್ರತಿ. ಕುಗ್ಗಿಸುವ ಕೆಲಸ ನಡೆಯುವುದು ಅದಾದ ಮೇಲೆ, ಪರದೆಗೆ ಕಳಿಸುವಾಗ. ಆದ್ದರಿಂದ ಸ್ಕ್ರೀನ್‌ಶಾಟ್‌ನಲ್ಲಿ ಮಂಜು ಬರುವುದೇ ಇಲ್ಲ.

ಆದರೆ ಅದೇ ಸ್ಕ್ರೀನ್‌ಶಾಟ್ ಇನ್ನೊಂದು ರೀತಿಯಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ನೀವೂ ಮಾಡಿ ನೋಡಿ. ಶಿಫ್ಟ್, ಕಮಾಂಡ್ ಮತ್ತು 3 ಒಟ್ಟಿಗೆ ಒತ್ತಿ. ಡೆಸ್ಕ್‌ಟಾಪ್ ಮೇಲೆ ಬರುವ ಫೈಲನ್ನು ಆರಿಸಿ, ಕಮಾಂಡ್ ಮತ್ತು I ಒತ್ತಿ. ತೆರೆಯುವ ಮಾಹಿತಿಯಲ್ಲಿ `Dimensions` ಅಂತ ಒಂದು ಸಾಲು ಇರುತ್ತದೆ. ನಮ್ಮ ಮಾನಿಟರ್‌ನಲ್ಲಿ 2560 × 1440 ಇಟ್ಟಾಗ ಅಲ್ಲಿ ಬಂದದ್ದು 5120 × 2880. ಮಾನಿಟರ್‌ನ ಡಬ್ಬದ ಮೇಲೆ ಬರೆದಿರುವುದು 3840 × 2160. ಪರದೆಯಲ್ಲಿ ಇಲ್ಲದ ಪಿಕ್ಸೆಲ್‌ಗಳು ಚಿತ್ರದಲ್ಲಿ ಎಲ್ಲಿಂದ ಬಂದವು? ಅಲ್ಲಿಗೆ ಗೊತ್ತಾಗುತ್ತದೆ, ನೀವು ನೋಡುತ್ತಿರುವುದು ಕುಗ್ಗಿಸಿದ ಚಿತ್ರ.

ನೀವು ಇದನ್ನು ಹೀಗೆ ಓದಿಕೊಳ್ಳಬಹುದು. ಸ್ಕ್ರೀನ್‌ಶಾಟ್‌ನ ಅಳತೆ ಪರದೆಯ ನಿಜವಾದ ಅಳತೆಗೆ ಸಮವಾಗಿದ್ದರೆ ಪಿಕ್ಸೆಲ್‌ಗೆ ಪಿಕ್ಸೆಲ್ ಕೂತಿದೆ. ಹೆಚ್ಚಿದ್ದರೆ ಕುಗ್ಗಿಸಲಾಗಿದೆ. ಕಡಿಮೆಯಿದ್ದರೆ ಹಿಗ್ಗಿಸಲಾಗಿದೆ, ಇದು ಇನ್ನೂ ಕೆಟ್ಟದ್ದು. `Larger Text` ಕಡೆಗೆ ತುಂಬಾ ಸರಿಸಿದರೆ ಹೀಗಾಗಬಹುದು. ಅಕ್ಷರ ದೊಡ್ಡದಾದ ಮಾತ್ರಕ್ಕೆ ಅದು ಪಿಕ್ಸೆಲ್‌ಗೆ ಪಿಕ್ಸೆಲ್ ಕೂತಿರಬೇಕೆಂದಿಲ್ಲ. `Advanced…` ಒತ್ತಿ `Show resolutions as list` ಹಾಕಿಕೊಂಡಾಗ ಕೆಲವು ಸಂಖ್ಯೆಗಳ ಪಕ್ಕ `low resolution` ಅಂತ ಕಂಡರೆ ಅದನ್ನು ಆರಿಸಬೇಡಿ. ಅಲ್ಲಿ ಎರಡರಷ್ಟು ಬರೆಯುವ ಕ್ರಮವೇ ಇರುವುದಿಲ್ಲ.

ಅಪ್ಪನಿಗೆ ಕೊನೆಗೆ ಸಾಕ್ಷಿ ಕೊಟ್ಟದ್ದು ಫೋನಿನ ಕ್ಯಾಮೆರಾ. ಪರದೆಯ ಹತ್ತಿರ ಹಿಡಿದು, 'ಧನ' ಅನ್ನುವ ಒಂದೇ ಪದದ ಫೋಟೊ ಎರಡೂ ಸೆಟ್ಟಿಂಗ್‌ನಲ್ಲಿ ತೆಗೆದೆ. ಒಂದರಲ್ಲಿ ಗೀಟಿನ ಎರಡೂ ಬದಿ ಬಿಳಿ ಇತ್ತು. ಇನ್ನೊಂದರಲ್ಲಿ ಗೀಟಿನ ಸುತ್ತ ಬೂದು ಹರಡಿ ಹೊಟ್ಟೆಯ ಗೆರೆಗೆ ಅಂಟಿಕೊಂಡಂತಿತ್ತು. ಅಪ್ಪ ಎರಡು ನಿಮಿಷ ಸುಮ್ಮನೆ ನೋಡಿದರು.

ಪೂರ್ತಿ 3840 ಇಟ್ಟರೆ ಆಗದೇ?

ಆಮೇಲೆ ಅಪ್ಪ ಕೇಳಿದ ಪ್ರಶ್ನೆ ಇದು. "ಹಾಗಿದ್ರೆ ಪಟ್ಟಿಯಲ್ಲಿ 3840 × 2160 ಇದೆಯಲ್ಲ, ಅದನ್ನೇ ಇಟ್ಟರೆ ಜಾಗವೂ ಸಿಗುತ್ತೆ, ಸ್ಪಷ್ಟವೂ ಇರುತ್ತೆ."

ಅರ್ಧ ಸರಿ. ಅಲ್ಲಿ ಕುಗ್ಗಿಸುವುದೂ ಇಲ್ಲ, ಹಿಗ್ಗಿಸುವುದೂ ಇಲ್ಲ. ಪ್ರತಿ ಪಿಕ್ಸೆಲ್ ನೇರವಾಗಿ ಕೂರುತ್ತದೆ. ಆದರೆ ಎರಡರಷ್ಟು ಬರೆಯುವ ಕ್ರಮವೂ ಇರುವುದಿಲ್ಲ. ಅದೇ 12ರ ಅಕ್ಷರಕ್ಕೆ ಈಗ 12 ಪಿಕ್ಸೆಲ್ ಮಾತ್ರ. ಎತ್ತರ 1.9 ಮಿಲಿಮೀಟರ್. ಅದರಲ್ಲಿ 'ಧ' ಬರೆಯಬೇಕಾದರೆ ಗೀಟಿಗೆ ಒಂದು ಪಿಕ್ಸೆಲ್ ಉಳಿದರೆ ದೊಡ್ಡದು. ನಾವು ಪ್ರಯತ್ನಿಸಿದೆವು. ಅಮ್ಮ ಅಡುಗೆಮನೆಯಿಂದ ಬಂದು ನೋಡಿ, "ಇದೇನು ಪಂಚಾಂಗದ ಅಕ್ಷರಾನಾ?" ಅಂದರು. ಐದು ನಿಮಿಷದಲ್ಲಿ ವಾಪಸ್ ತಂದೆವು.

ಸ್ಪಷ್ಟತೆಗೆ ಎರಡು ಬೇಕು ಅಂತ ಇದರಿಂದ ಕಲಿತೆ. ಚಿತ್ರದ ಪಿಕ್ಸೆಲ್ ಪರದೆಯ ಪಿಕ್ಸೆಲ್ ಮೇಲೆ ನೇರ ಕೂರಬೇಕು. ಜೊತೆಗೆ ಒಂದು ಅಕ್ಷರಕ್ಕೆ ಸಾಕಷ್ಟು ಪಿಕ್ಸೆಲ್ ಸಿಗಬೇಕು. 3840 × 2160ರಲ್ಲಿ ಮೊದಲನೆಯದು ಮಾತ್ರ ಇದೆ. 2560 × 1440ರಲ್ಲಿ ಎರಡೂ ಸ್ವಲ್ಪ ಸ್ವಲ್ಪ ಕಡಿಮೆ. 1920 × 1080ರಲ್ಲಿ ಎರಡೂ ಪೂರ್ತಿ ಇದೆ. ಹೆಸರಿನಲ್ಲಿ ಚಿಕ್ಕ ಸಂಖ್ಯೆ ಇದ್ದರೂ ನಮ್ಮ ಪರದೆಯ ಅತ್ಯಂತ ಸ್ಪಷ್ಟ ಆಯ್ಕೆ ಅದೇ.

ಅಪ್ಪನ ವಾದವೂ ಸುಳ್ಳಲ್ಲ

ನಾನು ಹೇಳಿದ್ದನ್ನೇ ಹೇಳುತ್ತಾ ಹೋದರೆ ನ್ಯಾಯವಲ್ಲ. ಅಪ್ಪ ಹೇಳಿದ ಮಾತುಗಳಲ್ಲೂ ಹುರುಳಿದೆ.

ಒಂದು, ಅವರು ನೋಡುವುದು ದೊಡ್ಡ ದೊಡ್ಡ ಲೆಕ್ಕದ ಹಾಳೆಗಳು. ಪಕ್ಕಕ್ಕೆ ಸರಿಸದೆ ಇನ್ನಷ್ಟು ಕಾಲಂ ಒಟ್ಟಿಗೆ ಕಂಡರೆ ಕೆಲಸ ಬೇಗ ಆಗುತ್ತದೆ. ಅಂಕಿಗಳ ಅಂಚು ಸ್ವಲ್ಪ ಮೆತ್ತಗಾದರೆ 3 ಹೋಗಿ 8 ಆಗುವುದಿಲ್ಲ.

ಎರಡು, 4ಕೆ ಪರದೆಯನ್ನು 2560 × 1440ರಂತೆ ಮಾಡಿದರೂ ಅದು ನಿಜವಾಗಿ 2560 × 1440 ಪಿಕ್ಸೆಲ್ ಮಾತ್ರ ಇರುವ 27 ಇಂಚಿನ ಹಳೆಯ ಮಾನಿಟರ್‌ಗಿಂತ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ 12ರ ಅಕ್ಷರಕ್ಕೆ 12 ಪಿಕ್ಸೆಲ್, ಇಲ್ಲಿ 18. ಕುಗ್ಗಿಸಿದ 18 ಪಿಕ್ಸೆಲ್ ಕುಗ್ಗಿಸದ 12ಕ್ಕಿಂತ ಮೇಲು. ಯಾರಾದರೂ 4ಕೆ ಕೊಂಡು ಈ ಸೆಟ್ಟಿಂಗ್ ಇಟ್ಟುಕೊಂಡರೆ ದುಡ್ಡು ದಂಡವಾಯಿತು ಅಂತ ನಾನು ಹೇಳುವುದಿಲ್ಲ.

ಮೂರು, ದೂರ. ಕೈ ಚಾಚಿದಷ್ಟು ದೂರದಲ್ಲಿ ಕುಳಿತರೆ ನನಗೇ ಬೂದು ಅಂಚು ಗೊತ್ತಾಗುವುದು ಕಷ್ಟ. ಹತ್ತಿರ ಬಾಗಿದರೆ ಕಾಣುತ್ತದೆ. ತಂಗಿ ಯಾವಾಗಲೂ ಮೇಜಿನ ಮೇಲೆ ಮೊಣಕೈ ಊರಿ ಪರದೆಗೆ ಮೂಗು ತಾಗಿಸುವ ಹಾಗೆ ಕೂರುತ್ತಾಳೆ. ಮಕ್ಕಳೆಲ್ಲ ಹೆಚ್ಚುಕಡಿಮೆ ಹಾಗೇ ಕೂರುವುದು.

ಇಷ್ಟು ಕೇಳಿದ ಮೇಲೆ ನನಗೆ ಒಂದು ಅನುಮಾನ ಬಂತು. 'ಧ' ಕಾಣದೇ ಹೋದದ್ದು ಅಕ್ಷರ ಚಿಕ್ಕದಾದ್ದರಿಂದಲೋ, ಕುಗ್ಗಿಸಿ ಮಂಜಾದ್ದರಿಂದಲೋ? ಎರಡೂ ಒಟ್ಟಿಗೆ ಆಗಿದೆಯಲ್ಲ. ಬೇರೆ ಮಾಡಿ ನೋಡಲು ಒಂದು ಸುಲಭ ಪ್ರಯೋಗ ಮಾಡಿದೆ. ಮಾನಿಟರ್ 1920 × 1080ರಲ್ಲೇ ಇಟ್ಟು, ಬ್ರೌಸರ್‌ನಲ್ಲಿ ಮಾತ್ರ ಪುಟವನ್ನು 75%ಗೆ ಚಿಕ್ಕದು ಮಾಡಿದೆ. ಆಗ ಅಕ್ಷರದ ಎತ್ತರ 18 ಪಿಕ್ಸೆಲ್, ಅಂದರೆ 2560 × 1440ರಲ್ಲಿ ಇದ್ದಷ್ಟೇ. ಆದರೆ ಒಂದು ವ್ಯತ್ಯಾಸ ಇದೆ. ಬ್ರೌಸರ್ ಚಿಕ್ಕದು ಮಾಡುವಾಗ ಬರೆದ ಚಿತ್ರವನ್ನು ಕುಗ್ಗಿಸುವುದಿಲ್ಲ. ಫಾಂಟ್‌ನಲ್ಲಿರುವ ಅಕ್ಷರದ ಆಕಾರವನ್ನು ತೆಗೆದುಕೊಂಡು 18 ಪಿಕ್ಸೆಲ್‌ಗೆ ಹೊಸದಾಗಿ ಬರೆಯುತ್ತದೆ. ಅದು ನೇರ ಪರದೆಯ ಪಿಕ್ಸೆಲ್‌ಗಳ ಮೇಲೆ ಬರುತ್ತದೆ.

ಫಲಿತಾಂಶ ಹೇಳುತ್ತೇನೆ. ದೂರದಿಂದ ಎರಡೂ ಬಹುತೇಕ ಒಂದೇ. ಹತ್ತಿರದಿಂದ, ಹೊಸದಾಗಿ ಬರೆದ 18 ಪಿಕ್ಸೆಲ್‌ನ 'ಧ' ಕುಗ್ಗಿಸಿದ 18 ಪಿಕ್ಸೆಲ್‌ನ 'ಧ'ಗಿಂತ ಸ್ವಲ್ಪ ಗಟ್ಟಿಯಾಗಿ ಕಾಣಿಸಿತು. 24 ಪಿಕ್ಸೆಲ್‌ನ 'ಧ' ಎರಡಕ್ಕಿಂತಲೂ ಎಷ್ಟೋ ಚೆನ್ನಾಗಿತ್ತು. ಅಂದರೆ ನನ್ನ ಕಣ್ಣು ತಪ್ಪಿದ್ದಕ್ಕೆ ದೊಡ್ಡ ಕಾರಣ ಅಕ್ಷರ ಚಿಕ್ಕದಾದದ್ದು. ಉಳಿದ ಸ್ವಲ್ಪವನ್ನು ಮಂಜು ತಿಂದುಹಾಕಿತು. ಎರಡನ್ನೂ ತಂದದ್ದು ಮಾತ್ರ ಒಂದೇ ಸೆಟ್ಟಿಂಗ್.

ಈ ಪ್ರಯೋಗದಿಂದ ಒಂದು ಉಪಾಯವೂ ಸಿಕ್ಕಿತು. ಹೆಚ್ಚು ಜಾಗ ಬೇಕಾದಾಗ ಇಡೀ ಪರದೆಯ ಸೆಟ್ಟಿಂಗ್ ಬದಲಾಯಿಸುವ ಅಗತ್ಯವಿಲ್ಲ. ಬ್ರೌಸರ್‌ನಲ್ಲಿ ಕಮಾಂಡ್ ಜೊತೆ ಮೈನಸ್ ಒತ್ತಿ ಆ ಪುಟವನ್ನು ಮಾತ್ರ ಚಿಕ್ಕದು ಮಾಡಿಕೊಳ್ಳಿ. ಲೆಕ್ಕದ ಹಾಳೆಯಲ್ಲೂ ಜೂಮ್ ಇರುತ್ತದೆ. ಮೇಲಿನ ಮೆನು ದೊಡ್ಡದಾಗಿಯೇ ಉಳಿಯುತ್ತದೆ ಅನ್ನುವುದು ಒಂದೇ ಕೊರತೆ. ಅಕ್ಷರ ಮಾತ್ರ ನೇರ ಪಿಕ್ಸೆಲ್ ಮೇಲೆ ಬರುತ್ತದೆ.

ನಿಮ್ಮ ಮನೆಯಲ್ಲಿ

ಲ್ಯಾಪ್‌ಟಾಪ್ ಇರುವವರು ನಮಗೆ ಇದು ಸಂಬಂಧವಿಲ್ಲ ಅಂದುಕೊಳ್ಳಬೇಡಿ. 2020ರ ಎಂ1 ಮ್ಯಾಕ್‌ಬುಕ್ ಏರ್ ಬಹಳ ಮನೆಗಳಲ್ಲಿದೆ. ಅದರ ಪರದೆ 2560 × 1600. ಅಂಗಡಿಯಿಂದ ತಂದಾಗಲೇ ಅದು 1440 × 900ರಲ್ಲಿ ಇರುತ್ತದೆ. ಎರಡರಷ್ಟು ಮಾಡಿ, 2880 × 1800. ಪರದೆಗಿಂತ ಹೆಚ್ಚು! ಅಂದರೆ ಅಲ್ಲಿ `Default` ಅನ್ನುವುದೇ ಕುಗ್ಗಿಸಿದ ಚಿತ್ರ. ನಿಜವಾಗಿ ನೇರ ಕೂರುವುದು 1280 × 800. ಆ ಪರದೆಯ ಪಿಕ್ಸೆಲ್‌ಗಳು ತುಂಬಾ ಚಿಕ್ಕವು, ಕುಗ್ಗಿಸುವುದೂ ಸ್ವಲ್ಪವೇ. ಆದ್ದರಿಂದ ವ್ಯತ್ಯಾಸ ನಮ್ಮ ಮಾನಿಟರ್‌ನಷ್ಟು ಕಾಣುವುದಿಲ್ಲ. 14 ಇಂಚಿನ ಮ್ಯಾಕ್‌ಬುಕ್ ಪ್ರೊ 3024 × 1964, ಅದು ಬರುವುದು 1512 × 982ರಲ್ಲಿ. ಸರಿಯಾಗಿ ಅರ್ಧ. ಅದರಲ್ಲಿ ಏನೂ ಮುಟ್ಟಬೇಕಾಗಿಲ್ಲ.

ಹೊಸ ಮಾನಿಟರ್ ಕೊಳ್ಳುವವರಿಗೂ ಅದೇ ಲೆಕ್ಕ. ಆಪಲ್ 2009ರಲ್ಲಿ ತಂದ 27 ಇಂಚಿನ ಐಮ್ಯಾಕ್‌ನಲ್ಲಿ 2560 × 1440 ಪಿಕ್ಸೆಲ್ ಇತ್ತು. 2014ರಲ್ಲಿ ಅದೇ ಗಾತ್ರಕ್ಕೆ 5ಕೆ ತಂದರು, 5120 × 2880. ಸರಿಯಾಗಿ ಎರಡರಷ್ಟು. ಆ ಸಂಖ್ಯೆ ಸುಮ್ಮನೆ ಆರಿಸಿದ್ದಲ್ಲ. ಅದೇ ಜಾಗ ಉಳಿಸಿಕೊಂಡು, ಕುಗ್ಗಿಸದೆ, ಪ್ರತಿ ಅಕ್ಷರಕ್ಕೆ ಎರಡರಷ್ಟು ಪಿಕ್ಸೆಲ್ ಕೊಡಬೇಕಾದರೆ ಅಷ್ಟೇ ಬೇಕು. ಆದರೆ 5ಕೆ ಮಾನಿಟರ್ 4ಕೆಗಿಂತ ದುಬಾರಿ. ನಮ್ಮ ಮನೆಯಲ್ಲಿ ಅದನ್ನು ಕೊಳ್ಳುವ ಮಾತೇ ಇಲ್ಲ. ನೀವೂ ಕೊಳ್ಳಿ ಅಂತ ನಾನು ಹೇಳುತ್ತಿಲ್ಲ. 27 ಇಂಚಿನ 4ಕೆ ಕೊಂಡರೆ ಜಾಗ ಬೇಕೋ, ಪೂರ್ತಿ ಸ್ಪಷ್ಟತೆ ಬೇಕೋ ಒಂದನ್ನು ಆರಿಸಬೇಕಾಗುತ್ತದೆ ಅಂತ ತಿಳಿದು ಕೊಳ್ಳಿ ಅನ್ನುತ್ತಿದ್ದೇನೆ. ಅಂಗಡಿಯಲ್ಲಿ ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ವಿಂಡೋಸ್ ಬಳಸುವ ಗೆಳೆಯ ಒಬ್ಬ, "ನಮ್ಮಲ್ಲಿ 150% ಅಂತ ಇಟ್ಟರೆ ಮುಗಿಯಿತು" ಅಂದ. ಅದೂ ನಿಜ. ಅಲ್ಲಿ ಆ್ಯಪ್‌ಗಳೇ ಒಂದೂವರೆ ಪಟ್ಟು ಅಳತೆಗೆ ನೇರವಾಗಿ ಬರೆಯಬಲ್ಲವು, ಆಮೇಲೆ ಕುಗ್ಗಿಸಬೇಕಾಗಿಲ್ಲ. ಹಾಗೆ ಬರೆಯಲು ಬಾರದ ಹಳೆಯ ಆ್ಯಪ್‌ಗಳು ಮಾತ್ರ ಅಲ್ಲಿ ಮಂಜಾಗುತ್ತವೆ. ಮ್ಯಾಕ್ ಎರಡರಷ್ಟು ಬರೆದು ಕುಗ್ಗಿಸುವ ದಾರಿ ಹಿಡಿದದ್ದರಿಂದ ಎಲ್ಲ ಆ್ಯಪ್‌ಗಳೂ ಒಂದೇ ರೀತಿ ಕಾಣುತ್ತವೆ. ಅವರವರ ದಾರಿಗೆ ಅವರವರ ಬೆಲೆ.

ನನ್ನ ದೂರು ಆ ದಾರಿಯ ಮೇಲಲ್ಲ, ಹೆಸರಿನ ಮೇಲೆ. `More Space` ಅನ್ನುವುದು ಬಂದದ್ದನ್ನು ಹೇಳುತ್ತದೆ, ಹೋದದ್ದನ್ನು ಹೇಳುವುದಿಲ್ಲ. ಪರದೆಯ ಪಿಕ್ಸೆಲ್‌ಗೆ ಸರಿಯಾಗಿ ಕೂರುವ ಆಯ್ಕೆ ಯಾವುದು ಅಂತ ಪಕ್ಕದಲ್ಲಿ ಒಂದು ಪುಟ್ಟ ಗುರುತು ಹಾಕಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ. ಆ ಗುರುತು ಬರುವವರೆಗೆ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು. ಪಟ್ಟಿಯ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಪರದೆಯ ಸಂಖ್ಯೆಗೆ ಹೋಲಿಸಿ. ಎರಡನೇ ತರಗತಿಯ ಗಣಿತ.

ನಮ್ಮ ಶಾಲೆಯ ಶಿಕ್ಷಕರಿಗೂ ಒಂದು ಮನವಿ. ಮಕ್ಕಳಿಗೆ ಕಳಿಸುವ ಅಭ್ಯಾಸದ ಹಾಳೆಗಳನ್ನು ಹೆಚ್ಚಿನವರು ಈಗ ಪ್ರಿಂಟ್ ತೆಗೆಯುವುದಿಲ್ಲ, ಪರದೆಯಲ್ಲೇ ಓದುತ್ತಾರೆ. ಮಹಾಪ್ರಾಣ, ಒತ್ತಕ್ಷರ ಕಲಿಸುವ ಹಾಳೆಗಳಲ್ಲಾದರೂ ಅಕ್ಷರದ ಅಳತೆ 12 ಬೇಡ, 18 ಇಡಿ. ಆಗ ಯಾರ ಮನೆಯ ಸೆಟ್ಟಿಂಗ್ ಹೇಗಿದ್ದರೂ ಗೀಟು ಉಳಿಯುತ್ತದೆ.

ನಮ್ಮ ಮನೆಯಲ್ಲಿ ಈಗ ಒಪ್ಪಂದ ಆಗಿದೆ. ಹಗಲು ಅಪ್ಪನ ಕೆಲಸಕ್ಕೆ 2560. ಸಂಜೆ ತಂಗಿ ಓದಲು ಕೂರುವ ಮುಂಚೆ ನಾನು 1920ಕ್ಕೆ ತರುತ್ತೇನೆ. ಮೊದಲ ವಾರ ಅಪ್ಪ "ಯಾಕೋ ಎಲ್ಲ ದಪ್ಪ ದಪ್ಪ ಮಾಡಿಟ್ಟಿದ್ದೀಯಾ" ಅಂತ ಗೊಣಗಿದರು. ಕಳೆದ ವಾರ ಊರಿಂದ ಬಂದ ಒಂದು ಕನ್ನಡ ಪತ್ರವನ್ನು ಓದಬೇಕಾದಾಗ, ನನ್ನನ್ನು ಕೇಳದೆ ಅವರೇ 1920ಕ್ಕೆ ಬದಲಾಯಿಸಿಕೊಂಡು ಓದಿದ್ದನ್ನು ನೋಡಿದೆ. ನಾನು ಏನೂ ಹೇಳಲಿಲ್ಲ.

ಈ ತಿಂಗಳ ಮಕ್ಕಳ ಪುಟವನ್ನು ಅದೇ ಸೆಟ್ಟಿಂಗ್‌ನಲ್ಲಿ ಮೂರು ಸಲ ಓದಿದ್ದೇನೆ. ಆ ಪುಟ್ಟ ಹುಡುಗಿಯ ಹೊಸ ಬರಹವೂ ಅದರಲ್ಲಿದೆ. ಅಜ್ಜಿ ಮನೆಯ ದನಗಳು ಈ ಸಲ ದನಗಳಾಗಿಯೇ ಇವೆ. ಇಲ್ಲದಿದ್ದರೆ ನನಗೆ ತಿಳಿಸಿ.